ನೋಟೀಸಮ್ಮನ ಸಬ್ಜೆಕ್ಟ್ ಲೈನ್

ಆ ವಿಮಾ ಕಂಪನಿಯ ಕಟ್ಟಡದಲ್ಲಿ ಯಾವ ಮಹಡಿಗೆ ಹೋಗಿ ಯಾರನ್ನು ಕೇಳಿದರೂ ನೋಟೀಸಮ್ಮ ಗೊತ್ತು. ನೋಟೀಸಮ್ಮನ ನೋಟೀಸಿನಲ್ಲಿ ಏನಿತ್ತು ಎಂದು ಕೇಳಿದರೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ಓದಿದ್ದರೆ ತಾನೇ!

ಕಟ್ಟಡದ ಉಸ್ತುವಾರಿ ಅವರದು. ನೀರು ನಿಲ್ಲುವುದು, ಲಿಫ್ಟ್ ಕೆಡುವುದು, ಜಿರಳೆಗೆ ಔಷಧಿ ಹೊಡೆಸುವುದು, ಫ್ರಿಜ್ಜಿನಲ್ಲಿ ಯಾರೋ ಮರೆತ ಡಬ್ಬಿಗೆ ಹಸಿರು ಗಡ್ಡ ಬೆಳೆದಿರುವುದು, ಎಲ್ಲಕ್ಕೂ ಒಂದೊಂದು ಮೇಲ್. ಬೇರೆಯವರು ಇಡೀ ಸಂಸ್ಥೆಗೆ ಮೇಲ್ ಹಾಕಬೇಕಾದರೆ ಪ್ರಚಾರ ವಿಭಾಗದ ಒಪ್ಪಿಗೆ ಬೇಕು. ಒಡೆದ ಪೈಪು ಒಪ್ಪಿಗೆಗೆ ಕಾಯುವುದಿಲ್ಲವಾದ್ದರಿಂದ ನೋಟೀಸಮ್ಮನಿಗೆ ಮಾತ್ರ ನೇರ ದಾರಿ. 'ಎಲ್ಲ ಸಿಬ್ಬಂದಿ' ಎಂಬ ಒಂದೇ ವಿಳಾಸ ಹಾಕಿ ಗುಂಡಿ ಒತ್ತಿದರೆ ಎಂಡಿಯಿಂದ ಹಿಡಿದು ಗೇಟಿನವರ ತನಕ ಎಲ್ಲರಿಗೂ ಹೋಗಿ ಬೀಳುತ್ತದೆ. ಬೀಳುತ್ತದೆ, ಅಷ್ಟೆ. ನಾಳೆ ಲಿಫ್ಟ್ ಇರುವುದಿಲ್ಲ ಎಂದು ಇವರು ಇವತ್ತೇ ಬರೆದಿರುತ್ತಾರೆ. ನಾಳೆ ಅದೇ ಲಿಫ್ಟಿನ ಮುಂದೆ ನಿಂತವರು, "ಒಂದು ಮಾತು ಮೊದಲೇ ಹೇಳಬಾರದಿತ್ತಾ ಮೇಡಂ?" ಎಂದು ಇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ.

ಇಂಥ ನೋಟೀಸಮ್ಮ ಈಗ ನಿವೃತ್ತರಾಗುತ್ತಿದ್ದರು. ಅವರಿಗೆ ಒಂದೇ ಆಸೆ. ಕೊನೆಯದೊಂದು ಮೇಲನ್ನಾದರೂ ಇಡೀ ಆಫೀಸು ಓದಬೇಕು, ಅದೂ ಮೊದಲಿನಿಂದ ಕೊನೆಯ ತನಕ. ಭಯವೂ ಇತ್ತು. ಹಿಂದೆ ಉಗ್ರಾಣದವರು ನಿವೃತ್ತರಾದಾಗ 'ವಿದಾಯ' ಎಂದು ತಲೆಬರಹ ಕೊಟ್ಟು ಬಹಳ ಅಚ್ಚುಕಟ್ಟಾದ ಮೇಲ್ ಬರೆದಿದ್ದರು. ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದೂ ಅದರಲ್ಲೇ ಇತ್ತು. ಯಾರೂ ತೆರೆಯಲಿಲ್ಲ. ಬೀಗ ಒಡೆಸಬೇಕಾಯಿತು. ಅದಕ್ಕಿಂತ ಹೆಚ್ಚಿಗೆ, ಪಾಪ, ಅವರು ಹೋಗಿ ತಿಂಗಳುಗಟ್ಟಲೆ ಕಳೆದ ಮೇಲೂ ಜನ ಅವರ ವಿಳಾಸಕ್ಕೆ ಪೆನ್ನು ಬೇಕು ಎಂದು ಬರೆಯುತ್ತಿದ್ದರು. ಹಾಗೆ ಹೋಗುವುದೆಂದರೆ ಇದ್ದಿದ್ದೂ ಒಂದೇ, ಇಲ್ಲದಿದ್ದಿದ್ದೂ ಒಂದೇ ಎಂದು ನೋಟೀಸಮ್ಮನಿಗೆ ಸಂಕಟವಾಗುತ್ತಿತ್ತು.

ಮೇಲ್‌ನ ಹೊಟ್ಟೆಯನ್ನು, ಅಂದರೆ ಒಳಗಿನ ವಿಷಯವನ್ನು, ಅವರು ಒಂದೇ ಪಟ್ಟಿಗೆ ಕೂತು ಬರೆದು ಮುಗಿಸಿದ್ದರು. ಕಷ್ಟವಾಗಿದ್ದು ತಲೆ. ಮೇಲ್ಗಡೆ ಸಬ್ಜೆಕ್ಟಿನ ಒಂದು ಸಾಲು, ಅದರ ಕೆಳಗಿನ ಇನ್ನೊಂದು ಸಾಲು. ಅದಕ್ಕಾಗಿ ಮಗಳನ್ನು ಹಿಡಿದರು. ಮಗಳ ಕೆಲಸ ಆನ್‌ಲೈನ್ ಅಂಗಡಿಯೊಂದರ ಪರವಾಗಿ ಜನರಿಗೆ ಮೇಲ್ ಕಳಿಸಿ ಚಪ್ಪಲಿ ಮಾರುವುದು. ಎಷ್ಟು ಜನ ತೆರೆದರು, ಎಷ್ಟು ಜನ ತೆರೆಯದೇ ಅಳಿಸಿದರು ಎಂದು ಲೆಕ್ಕ ಇಡುವುದೇ ಅವಳ ಹೊಟ್ಟೆಪಾಡು.

"ಏನು ಕೊಟ್ಟಿದ್ದೀಯ ಸಬ್ಜೆಕ್ಟು?" ಎಂದಳು ಮಗಳು, ಊಟದ ತಟ್ಟೆ ಪಕ್ಕಕ್ಕೆ ಸರಿಸಿ.

"'ನಿವೃತ್ತಿಯ ಸಂದರ್ಭದಲ್ಲಿ ಸಮಸ್ತ ಸಹೋದ್ಯೋಗಿಗಳಿಗೆ ಕೃತಜ್ಞತಾಪೂರ್ವಕ ವಂದನೆಗಳು.'"

"ಅಮ್ಮಾ, ಜನ ಇದನ್ನ ಫೋನಲ್ಲಿ ನೋಡೋದು. ಅಷ್ಟುದ್ದ ಕಾಣಲ್ಲ. 'ನಿವೃತ್ತಿಯ ಸಂದರ್ಭದಲ್ಲಿ ಸಮ' ಅಂತ ಬಂದು ಮೂರು ಚುಕ್ಕಿ. ಅಲ್ಲಿಗೆ ನಿನ್ನ ಕಥೆ ಮುಗೀತು."

"ಸರಿ, ಮೊದಲನೇ ಸಾಲಲ್ಲಿ ವಿವರವಾಗಿ ಹೇಳಿದ್ದೀನಲ್ಲ. 'ಎಲ್ಲರಿಗೂ ನಮಸ್ಕಾರ. ನಿಮಗೆಲ್ಲ ತಿಳಿದಿರುವಂತೆ...'"

ಮಗಳು ಹಣೆ ಚಚ್ಚಿಕೊಂಡಳು. "ತಿಳಿದಿದ್ರೆ ಯಾಕೆ ಓದ್ತಾರೆ? ನೋಡು, ಸಬ್ಜೆಕ್ಟಿನ ಕೆಳಗೆ ತೆಳ್ಳಗೆ ಬೂದು ಬಣ್ಣದಲ್ಲಿ ಇನ್ನೊಂದು ಸಾಲು ಕಾಣುತ್ತಲ್ಲ, ಅದು ನಿನ್ನ ಮೇಲ್‌ನ ಮೊದಲನೇ ಸಾಲು. ಮೇಲ್ ತೆರೆಯೋಕೆ ಮುಂಚೆನೇ ಕಾಣೋದು. ಅಂಗಡಿ ಗಾಜಿನ ಹಿಂದೆ ಇಡೋ ಚಪ್ಪಲಿ ಇದ್ದ ಹಾಗೆ ಅದು. ಅಲ್ಲಿ ನಮಸ್ಕಾರ ಇಟ್ಟುಕೊಂಡು ಕೂತರೆ ಗಿರಾಕಿ ಮುಂದಕ್ಕೆ ಹೋಗ್ತಾನೆ."

ತಾಯಿಗೆ ಚಪ್ಪಲಿಯ ಹೋಲಿಕೆ ಅಷ್ಟು ಹಿಡಿಸಲಿಲ್ಲ. ಆದರೂ, "'ನೋಟೀಸಮ್ಮನ ಕೊನೆಯ ನೋಟೀಸು' ಅಂತ ಹಾಕಲಾ?" ಎಂದು ಕೇಳಿದರು. ತಮ್ಮ ಅಡ್ಡಹೆಸರು ತಮಗೆ ಗೊತ್ತಿದೆ ಎಂದು ಆಫೀಸಿಗೆ ತಿಳಿಸುವ ಚಪಲವೂ ಇತ್ತೆನ್ನಿ.

"ನೋಟೀಸು ಅನ್ನೋ ಪದ ನೋಡಿದ ತಕ್ಷಣ ಅವರ ಬೆರಳು ತಾನಾಗೇ ಅಳಿಸಿಬಿಡುತ್ತೆ. ನೀನೇ ಅಭ್ಯಾಸ ಮಾಡಿಸಿದ್ದೀಯ," ಎಂದಳು ಮಗಳು. "ಎರಡೇ ಸೂತ್ರ. ಆತುರ ಹುಟ್ಟಿಸು, ಕುತೂಹಲ ಹುಟ್ಟಿಸು. ಈಗ ತೆರೀಲಿಲ್ಲ ಅಂದ್ರೆ ಏನೋ ಕಳ್ಕೋತೀನಿ ಅನ್ನಿಸಬೇಕು."

ಹೊಸ್ತಿಲಲ್ಲಿ ನಿಂತಿದ್ದ ಯಜಮಾನರು, "'ಹೋಗಿ ಬರ್ತೀನಿ' ಅಂದ್ರೆ ಸಾಲದಾ?" ಎಂದರು. ಅಮ್ಮ ಮಗಳಿಬ್ಬರೂ ಒಟ್ಟಿಗೆ ಅವರನ್ನು ನೋಡಿದ ರೀತಿಗೆ ಅವರು ಟೀವಿಯ ಕಡೆ ವಾಪಸು ಹೋದರು.

ಅಂತೂ ಅಳೆದು ಸುರಿದು ಒಂದು ತಲೆ ತಯಾರಾಯಿತು. ಸಬ್ಜೆಕ್ಟು: 'ತುರ್ತು: ಸಂಜೆಯೊಳಗೆ ತೆರೆಯಿರಿ.' ಮೊದಲ ಸಾಲು: 'ಇಷ್ಟು ವರ್ಷ ನಿಮ್ಮಿಂದ ಮುಚ್ಚಿಟ್ಟಿದ್ದ ಗುಟ್ಟೊಂದನ್ನು ಇವತ್ತು ಹೇಳುತ್ತೇನೆ.' ಕೊನೆಯಲ್ಲಿ ಹಳೆಯ ಫೋಟೋಗಳಿಗೆ ಒಂದು ಲಿಂಕು, 'ಇಲ್ಲಿ ಒತ್ತಿ'. ಅದರ ಕೆಳಗೆ, ಇನ್ನು ಮೇಲೆ ಈ ವಿಳಾಸ ಇರುವುದಿಲ್ಲ, ಹೊಸದಕ್ಕೆ ಬರೆಯಿರಿ ಎಂದು ಮನೆಯ ಮೇಲ್ ವಿಳಾಸ. ಗುಟ್ಟು ಎಂದದ್ದು ಸುಳ್ಳಲ್ಲ. ಮೇಲ್‌ನ ಹೊಟ್ಟೆಯಲ್ಲಿ ನಿಜವಾಗಿಯೂ ಒಂದು ಗುಟ್ಟಿತ್ತು.

ಕೊನೆಯ ದಿನ, ಊಟ ಮುಗಿಸಿ ಎಲ್ಲರೂ ಫೋನು ನೋಡುತ್ತ ಆಕಳಿಸುವ ಹೊತ್ತಿಗೆ, ನೋಟೀಸಮ್ಮ ಗುಂಡಿ ಒತ್ತಿದರು. ಕನ್ನಡಕದ ಅಂಚಿನಿಂದ ಪಕ್ಕದ ಮೇಜಿನ ಲೆಕ್ಕದಣ್ಣನನ್ನು ನೋಡಿದರು. ಲೆಕ್ಕದಣ್ಣ ಪರಿಹಾರದ ಕಡತಗಳ ಲೆಕ್ಕ ನೋಡುವವನು, ಬಾಯಿ ಕಮ್ಮಿ, ಒಳ್ಳೆಯವನು. ಅವನ ಪರದೆಯಲ್ಲಿ ಮೇಲ್ ಬಂತು. ಅವನ ಕಣ್ಣರಳಿತು. ಮುಖ ಮುಂದೆ ತಂದ. ಮಗಳೇ ನೀನು ಬಂಗಾರ ಎಂದುಕೊಂಡರು ನೋಟೀಸಮ್ಮ.

ಲೆಕ್ಕದಣ್ಣ ಮೌಸನ್ನು ಮೇಲೆ ಒಯ್ದು, ಗಾಳದ ಕೊಕ್ಕೆಯ ಚಿತ್ರವಿದ್ದ ಗುಂಡಿಯನ್ನು ಠಕ್ಕನೆ ಒತ್ತಿ, "ಸಿಕ್ಕಿಬಿದ್ದ!" ಎಂದು ತೊಡೆ ತಟ್ಟಿದ.

"ಯಾರಪ್ಪಾ ಸಿಕ್ಕಿಬಿದ್ದದ್ದು?"

"ಬಲೆ ಮೇಷ್ಟ್ರು, ಅಕ್ಕ! ನಿಮ್ಮ ಹೆಸರಲ್ಲೇ ಬಲೆ ಬೀಸಿದ್ದಾರೆ ನೋಡಿ. ಏನು ಧೈರ್ಯ!"

ಇಲ್ಲಿ ಬಲೆ ಮೇಷ್ಟ್ರ ವಿಚಾರ ಹೇಳಲೇಬೇಕು. ಅವರು ಕಂಪ್ಯೂಟರ್ ಸುರಕ್ಷತೆಯ ಅಧಿಕಾರಿ. ಮೋಸದ ಮೇಲುಗಳಿಗೆ ಯಾರು ಮರುಳಾಗುತ್ತಾರೆ ಎಂದು ನೋಡಲು ತಾವೇ ಆಗಾಗ ಸುಳ್ಳು ಮೇಲ್ ಕಳಿಸುತ್ತಾರೆ. ಲಿಂಕು ಒತ್ತಿದವರಿಗೆ ಅವರ ತರಗತಿ. ಆ ತರಗತಿ ಎಂದರೆ ಎಂಥ ಗಟ್ಟಿಗರಿಗೂ ನಿದ್ದೆ. ಒತ್ತದೆ ಆ ಗಾಳದ ಗುಂಡಿಯಿಂದ ದೂರು ಕೊಟ್ಟವರಿಗೆ 'ಶಹಭಾಸ್' ಎಂಬ ಉತ್ತರ. ಆ ತಿಂಗಳಂತೂ ಅತಿ ಹೆಚ್ಚು ದೂರು ಕೊಟ್ಟ ವಿಭಾಗಕ್ಕೆ ಹೊಸ ಕಾಫಿ ಯಂತ್ರ ಎಂದು ಘೋಷಿಸಿದ್ದರು. ಹೀಗಾಗಿ ಇಡೀ ಕಟ್ಟಡ ಕೈಯಲ್ಲಿ ಕಲ್ಲು ಹಿಡಿದು ಕೂತಿತ್ತು. ಆತುರ, ಗುಟ್ಟು, ಇಲ್ಲಿ ಒತ್ತಿ, ಹೊರಗಿನ ವಿಳಾಸ. ಮೇಷ್ಟ್ರು ತರಗತಿಯಲ್ಲಿ ಬರೆಸಿದ್ದ ಕಳ್ಳನ ಗುರುತುಗಳೆಲ್ಲ ನೋಟೀಸಮ್ಮನ ಮೇಲ್‌ನಲ್ಲಿ ತುಂಬಿ ತುಳುಕುತ್ತಿದ್ದವು. ಆ ತರಗತಿಯಲ್ಲಿ ನೋಟೀಸಮ್ಮನೂ ಕೂತಿದ್ದರು. ನಿದ್ದೆ ಅವರನ್ನೇನು ಬಿಟ್ಟಿತೇ?

"ಅಲ್ಲಪ್ಪಾ, ನಾನೇ ಕಳಿಸಿದ್ದು!" ಎಂದು ಅವರು ಎದ್ದು ಬರುವಷ್ಟರಲ್ಲಿ ಸುತ್ತಮುತ್ತ ಠಕ್ ಠಕ್ ಎಂದು ಮೌಸುಗಳ ಸದ್ದು. ಆ ಮೂಲೆಯಲ್ಲೊಬ್ಬ ಚಪ್ಪಾಳೆ ತಟ್ಟಿದ. ಅಷ್ಟು ದೂರು ಬಂದರೆ ವ್ಯವಸ್ಥೆ ಸುಮ್ಮನಿರುತ್ತದೆಯೇ? ಎಲ್ಲರ ಇನ್‌ಬಾಕ್ಸಿನಿಂದಲೂ ಆ ಮೇಲನ್ನು ತಾನೇ ಎಳೆದು ಒಳಗೆ ಹಾಕಿತು. ಲೆಕ್ಕದಣ್ಣ ತೋರಿಸಲು ಹೋದರೆ ಆ ಮೇಲ್ ಇಲ್ಲವೇ ಇಲ್ಲ. ನೋಟೀಸಮ್ಮ ತಮ್ಮ ಕಂಪ್ಯೂಟರಿಗೆ ಹೋದರೆ, ನಿಮ್ಮ ಖಾತೆ ಬೇರೆಯವರ ಕೈಗೆ ಸಿಕ್ಕಿರುವ ಶಂಕೆಯಿಂದ ತಡೆಹಿಡಿಯಲಾಗಿದೆ ಎಂಬ ಬರಹ.

ನೋಟೀಸು ಓದದ ಜನ ಎಂದು ಇಷ್ಟು ದಿನ ಬೈದುಕೊಂಡಿದ್ದರು. ಈಗ ಓದದೇ ಇದ್ದದ್ದು ಹೋಗಲಿ, ಒಟ್ಟಾಗಿ ಮೇಲನ್ನೇ ಹಿಡಿದು ಜೈಲಿಗೆ ಹಾಕಿದ್ದರು. ಸಂಜೆಗೆ ಖಾತೆ ಹೇಗೂ ಮುಚ್ಚುತ್ತದೆ. ಹಾಗೇ ಕೈಚೀಲ ಎತ್ತಿಕೊಂಡು ಹೋಗಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು, ಕಾಲುಗಳು ನೆಟ್ಟಗೆ ಬಲೆ ಮೇಷ್ಟ್ರ ಕೋಣೆಗೆ ನಡೆದವು.

ಯಂತ್ರಗಳು ಗುಂಯ್ ಎನ್ನುತ್ತಿದ್ದ ಆ ಚಿಕ್ಕ ಕೋಣೆಯಲ್ಲಿ ಮೇಷ್ಟ್ರು ಮದುಮಗನ ಹಾಗೆ ಮಿಂಚುತ್ತಿದ್ದರು. "ಮೇಡಂ! ಬನ್ನಿ, ಬನ್ನಿ. ನಿಮ್ಮ ಹೆಸರಲ್ಲಿ ಯಾರೋ ದಾಳಿ ಮಾಡಿದ್ದಾರೆ. ಇದು ನನ್ನ ಬಲೆ ಅಲ್ಲ, ನಿಜವಾದ ಕಳ್ಳ! ನಮ್ಮವರು ಹೇಗೆ ಹಿಡಿದರು ನೋಡಿದ್ರಾ? ನನ್ನ ಜನ್ಮ ಸಾರ್ಥಕ."

"ಕಳ್ಳಿ ನಾನೇ ರೀ. ಅದು ನನ್ನ ಬೀಳ್ಕೊಡುಗೆ ಮೇಲು."

ಮೇಷ್ಟ್ರ ಮುಖ ಇಳಿಯಿತು. ಆದರೆ ಅವರು ಅಷ್ಟು ಸುಲಭಕ್ಕೆ ಬಿಟ್ಟುಕೊಡುವ ಆಸಾಮಿಯಲ್ಲ. "ಹಾಗಂತ ನೀವು ಹೇಳ್ತೀರಿ. ಪುರಾವೆ?"

"ನಿಮ್ಮ ಮುಂದೆ ನಿಂತಿದ್ದೀನಲ್ಲ!"

"ನೀವು ನೀವೇ. ಒಪ್ತೀನಿ. ಮೇಲ್ ನಿಮ್ಮದೇ ಅನ್ನೋಕೆ ಏನು ಗ್ಯಾರಂಟಿ? ನೀವು ಯಾವತ್ತಾದ್ರೂ 'ಗುಟ್ಟು' ಅಂತ ಬರೆದಿದ್ದೀರಾ? ನೀವು ಬರೆಯೋದೆಲ್ಲ 'ಈ ಮೂಲಕ ತಿಳಿಸಲಾಗಿದೆ'."

"ಅದು ನಿಮಗೆ ಹೇಗೆ ಗೊತ್ತು? ಓದಿದ್ದೀರಾ?"

"ತೆರೆಯದೇ ಕಾಣುತ್ತಲ್ಲ, ಬೂದು ಬಣ್ಣದ ಸಾಲು," ಎಂದರು ಮೇಷ್ಟ್ರು, ಸ್ವಲ್ಪ ಮೆಲ್ಲಗೆ.

ತನಿಖೆ ಶುರುವಾಯಿತು. ಹಿಡಿದಿಟ್ಟಿದ್ದ ಮೇಲನ್ನು ಪರದೆಯ ಮೇಲೆ ತೆರೆದು, ಮೇಷ್ಟ್ರು ಒಂದೊಂದು ಸಾಲಿಗೂ ಪೆನ್ನು ತೋರಿಸುತ್ತ ದೊಡ್ಡದಾಗಿ ಓದಿದರು. "'ತುರ್ತು.' ಕಳ್ಳನ ಮೊದಲನೇ ಗುರುತು. 'ಸಂಜೆಯೊಳಗೆ.' ಗಡುವು. 'ಗುಟ್ಟೊಂದನ್ನು.' ಆಮಿಷ. ಪಾಠದ ಪುಸ್ತಕಕ್ಕೆ ಹಾಕಿಸಬೇಕು ಇದನ್ನ. ಮುಂದೆ... 'ಪ್ರತಿ ಮಹಡಿಯ ಗೋಡೆಯ ಮೇಲೂ ಎಸಿ ಹೆಚ್ಚು ಕಮ್ಮಿ ಮಾಡುವ ಬಿಳಿ ಡಬ್ಬಿ ಇದೆ. ಅದನ್ನು ತಿರುಗಿಸಲು ನೀವು ದಿನವೂ ಜಗಳ ಆಡುತ್ತೀರಿ. ಆ ಡಬ್ಬಿಗೆ ತಂತಿಯೇ ಇಲ್ಲ. ಜಗಳ ತಾಳಲಾರದೆ ನಾನೇ ಬರೀ ಡಬ್ಬಿ ತರಿಸಿ ಗೋಡೆಗೆ ಹೊಡೆಸಿದೆ.'"

ಮೇಷ್ಟ್ರ ಪೆನ್ನು ಗಾಳಿಯಲ್ಲೇ ನಿಂತಿತು.

"ಮೇಡಂ, ನಾನು ದಿನಾ ಬೆಳಗ್ಗೆ ಬಂದು ಅದನ್ನ ಎರಡು ಗೆರೆ ಕೆಳಗೆ ಇಳಿಸ್ತೀನಿ."

"ಗೊತ್ತು."

"ಇಳಿಸಿದ ಮೇಲೆ ತಂಪಾಗುತ್ತೆ!"

"ನಿಮಗೆ ಹಾಗನ್ನಿಸುತ್ತೆ."

ಬಲೆ ಮೇಷ್ಟ್ರು ಎದ್ದರು. ಹೊರಗೆ ಹೋಗಿ, ಎರಡೂ ಕೈಯಿಂದ ಡಬ್ಬಿ ಹಿಡಿದು ಎಳೆದರು. ಗೋಡೆಯಿಂದ ಕಳಚಿ ಬಂತು. ಹಿಂದೆ ತಂತಿಯಿಲ್ಲ, ತೂತಿಲ್ಲ, ಒಂದು ಮೊಳೆ. ಮೋಸ ಹಿಡಿಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವರು, ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಹಿಡಿದು ಪಿಳಿಪಿಳಿ ಕಣ್ಣು ಬಿಟ್ಟರು. ಆಮೇಲೆ ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಮೊಳೆಗೆ ಸಿಕ್ಕಿಸಿ ಒಳಗೆ ಬಂದರು.

"ಪುರಾವೆ ಸಾಕು," ಎಂದರು. "ಇದು ನಿಮ್ಮನ್ನ ಬಿಟ್ಟು ಬೇರೆ ಯಾರಿಗೂ ಗೊತ್ತಿರೋಕೆ ಸಾಧ್ಯವಿಲ್ಲ."

ಮುಂದಿನ ಪ್ರಶ್ನೆ, ಮಾಡುವುದೇನು? ಹಿಡಿದಿಟ್ಟ ಮೇಲನ್ನು ಬಿಡುಗಡೆ ಮಾಡಬಹುದಿತ್ತು. ಮಾಡಿದರೆ ಅದೇ ತಲೆ ಹೊತ್ತು ಹೋಗುತ್ತದೆ, ಕಾಫಿ ಯಂತ್ರದ ಆಸೆಗೆ ಜನ ಮತ್ತೆ ಹಿಡಿದು ಒಳಗೆ ಹಾಕುತ್ತಾರೆ. ಮೇಷ್ಟ್ರು, "ನಾನೇ ಒಂದು ಮೇಲ್ ಹಾಕ್ತೀನಿ, 'ಶಂಕಾಸ್ಪದ ಮಿಂಚಂಚೆ ಕುರಿತು ಸ್ಪಷ್ಟೀಕರಣ' ಅಂತ," ಎಂದರು.

"ಅಯ್ಯೋ, ಅದನ್ನ ಓದೋರು ನೀವೊಬ್ಬರೇ," ಎಂದರು ನೋಟೀಸಮ್ಮ. ಮಗಳ ಸಹವಾಸದಿಂದ ಅವರಿಗೆ ಅಷ್ಟು ಬಂದಿತ್ತು.

ಹಾಗಾಗಿ ಹೊಸದಾಗಿ ಕಳಿಸುವುದೆಂದಾಯಿತು. ಖಾತೆಯ ತಡೆ ತೆಗೆಯಲು ಹೊಸ ಪಾಸ್‌ವರ್ಡ್ ಬೇಕು. ಸಂಜೆಗೆ ಸಾಯುವ ಖಾತೆಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಹಾಕಿಸಿ, ಇದು ದುರ್ಬಲ, ಇದು ಹಳೆಯದು ಎಂದು ನಾಲ್ಕು ಸಲ ತಿರಸ್ಕರಿಸಿ, ಕಂಪ್ಯೂಟರು ಅವರ ಪ್ರಾಣ ಹಿಂಡಿತು. ಕೊನೆಗೆ ಬಾಗಿಲು ತೆರೆಯಿತು.

ಲಿಂಕು ತೆಗೆದರು. ಮನೆಯ ವಿಳಾಸ ತೆಗೆದರು, ಬೇಕಾದವರು ಬಂದು ಕೇಳಲಿ. ತುರ್ತು ತೆಗೆದರು, ಗುಟ್ಟು ತೆಗೆದರು. ಉಳಿದದ್ದು ಖಾಲಿ ತಲೆ. ಮೇಷ್ಟ್ರು ಗಡಿಯಾರ ನೋಡಿದರು. ಗಡುವು ಎನ್ನುವುದು ಈಗ ನಿಜವಾಗಿಯೂ ಗಡುವಾಗಿತ್ತು.

ನೋಟೀಸಮ್ಮ ಕಣ್ಣು ಮುಚ್ಚಿ ಯೋಚಿಸಿದರು. ಈ ಮನುಷ್ಯ ತನಿಖೆಯ ಜಂಭದಲ್ಲಿ ಓದುತ್ತಿದ್ದವನು, ಯಾವ ಸಾಲಿಗೆ ಬಂದಾಗ ಎದ್ದು ನಿಂತ? ತುರ್ತಿಗಲ್ಲ, ಗುಟ್ಟಿಗಲ್ಲ. ಅವನ ಕೈ ದಿನವೂ ಮುಟ್ಟುವ ಡಬ್ಬಿಯ ಹೆಸರು ಬಂದಾಗ. ಥೂ, ಇಷ್ಟು ಸುಲಭವಿತ್ತಲ್ಲ ಎನಿಸಿತು. ಬರೆದರು.

ಸಬ್ಜೆಕ್ಟು: 'ನಿಮ್ಮ ಎಸಿ ಡಬ್ಬಿಗೆ ತಂತಿ ಇಲ್ಲ.'

ಮೊದಲ ಸಾಲು: 'ನಂಬಿಕೆ ಬಾರದಿದ್ದರೆ ಎಳೆದು ನೋಡಿ. ಇವತ್ತು ನನ್ನ ಕೊನೆಯ ದಿನ.'

"ಆಮಿಷ ಇಲ್ಲ, ಗಡುವು ಇಲ್ಲ," ಎಂದು ಮೇಷ್ಟ್ರು ಪರೀಕ್ಷಿಸಿ, "ಆದ್ರೂ ಎಲ್ಲರೂ ಡಬ್ಬಿ ಕೀಳ್ತಾರೆ ಮೇಡಂ," ಎಂದು ಗೊಣಗಿದರು.

"ಕೀಳಲಿ. ನಾನು ಸೋಮವಾರ ಇರಲ್ಲ."

ಗುಂಡಿ ಒತ್ತಿ ಇಬ್ಬರೂ ಹೊರಗೆ ಬಂದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಕುರ್ಚಿ ಹಿಂದೆ ಸರಿದ ಸದ್ದು. ಮತ್ತೊಂದು. ಲೆಕ್ಕದಣ್ಣ ಎದ್ದು ಗೋಡೆಯ ಹತ್ತಿರ ಹೋಗಿ ಡಬ್ಬಿಯ ಹಿಂದೆ ಇಣುಕಿದ. ಅವನ ಹಿಂದೆ ಯಾರೋ, ಅವರ ಹಿಂದೆ ಇನ್ಯಾರೋ. ಮೇಲಿನ ಮಹಡಿಯಿಂದ ಏನೋ ಕಳಚಿ ಬಿದ್ದ ಸದ್ದು, ಅದರ ಬೆನ್ನಿಗೆ ಹೋ ಎಂಬ ನಗು. ಮೆಟ್ಟಿಲಿನಲ್ಲಿ ಜನ ಡಬ್ಬಿಗಳನ್ನೇ ಹಿಡಿದು ಇಳಿದು ಬಂದರು. ಐದನೇ ಮಹಡಿಯ ಇಬ್ಬರು ಹೆಂಗಸರು ಆ ಡಬ್ಬಿಯ ಕಾರಣಕ್ಕೇ ಮಾತು ಬಿಟ್ಟಿದ್ದವರು, ಈಗ ಒಂದೇ ಡಬ್ಬಿಯನ್ನು ಇಬ್ಬರೂ ಹಿಡಿದುಕೊಂಡು ಬಂದಿದ್ದರು.

"ನೋಟೀಸಮ್ಮಾ!" ಎಂದಿತು ಗುಂಪು. ಮುಖದ ಮೇಲೇ ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇದೆಂಥ ಮೋಸ! ಹಾಗಾದ್ರೆ ಇಷ್ಟು ದಿನ ಸೆಕೆ ಆದಾಗ ತಂಪು ಮಾಡಿದ್ದು ಯಾರು?"

"ನಾನೇ. ನೆಲಮಾಳಿಗೆಯಲ್ಲಿ ಯಂತ್ರ ನೋಡ್ಕೊಳ್ಳೋರಿಗೆ ಫೋನ್ ಮಾಡ್ತಿದ್ದೆ."

"ನಮಗೆ ಸೆಕೆ ಅಂತ ನಿಮಗೆ ಹೇಗೆ ಗೊತ್ತಾಗ್ತಿತ್ತು?"

"ದಿನಕ್ಕೆ ಎರಡು ಸಲ ಎಲ್ಲ ಮಹಡಿ ಸುತ್ತುತ್ತಿದ್ದೆನಲ್ಲ. ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ."

ಲೆಕ್ಕದಣ್ಣ ತಡೆದು ತಡೆದು, "ಅಕ್ಕಾ, ಸೋಮವಾರದಿಂದ ಯಾರು ನೋಡ್ತಾರೆ?" ಎಂದ.

"ಎಲ್ಲ ಮೇಲ್‌ನಲ್ಲಿದೆ. ಮೂರನೇ ಪ್ಯಾರಾ," ಎಂದರು ನೋಟೀಸಮ್ಮ. "ನೀವು ಮೊದಲ ಎರಡು ಸಾಲು ಓದಿ ಗೋಡೆಗೆ ಓಡಿದ್ದೀರಿ."

ಕೈಗಳು ಜೇಬಿಗೆ ಹೋದವು. ಫೋನುಗಳು ಹೊರಬಂದವು. ಅಷ್ಟೂ ಜನ ತಲೆ ಬಗ್ಗಿಸಿದರು.

ನೋಟೀಸಮ್ಮ ಮೇಜಿಗೆ ಒರಗಿ ನಿಂತು ಅವರ ಹೆಬ್ಬೆರಳುಗಳು ಮೆಲ್ಲಗೆ ಮೇಲಕ್ಕೆ ಸರಿಯುವುದನ್ನು ನೋಡಿದರು. ಮೂರನೇ ಪ್ಯಾರಾ ಅವರಿಗೆ ಬಾಯಿಪಾಠ. ನೆಲಮಾಳಿಗೆಯ ಫೋನ್ ನಂಬರು, ಅದರ ಕೆಳಗೆ, ಯಾರಾದರೂ ಒಬ್ಬರು ಎದ್ದು ಸುತ್ತು ಹಾಕಿ, ಡಬ್ಬಿ ನೋಡಬೇಡಿ, ಜನರನ್ನು ನೋಡಿ ಎಂಬ ಮಾತು. ಆಮೇಲೆ ಒಬ್ಬೊಬ್ಬರದೂ ಒಂದೊಂದು ಸಾಲು. ಐದನೇ ಮಹಡಿಯ ಒಬ್ಬಾಕೆಗೆ ಚಳಿ, ಪಕ್ಕದಾಕೆಗೆ ಸೆಕೆ, ಇಬ್ಬರೂ ಕುರ್ಚಿ ಬದಲಿಸಿಕೊಂಡರೆ ಸಾಕು, ನಾನು ಹೇಳಿದರೆ ಕೇಳುವುದಿಲ್ಲ. ಬಲೆ ಮೇಷ್ಟ್ರು ರೇಗಿದರೆ ತಿರುಗಿ ಬೈಯಬೇಡಿ, ಅವರ ಕೋಣೆ ಬಿಸಿಯಾಗಿದೆ ಎಂದರ್ಥ.

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ತಮ್ಮ ಸಾಲಿಗೆ ಬಂದರು ಎಂದು ನೋಟೀಸಮ್ಮನಿಗೆ ಗೊತ್ತಾಯಿತು. ಐದನೇ ಮಹಡಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಮೂಗು ಮುರಿದು ನಕ್ಕರು. ಕೆಳಗೆ ಇನ್ನೊಂದೇ ಸಾಲಿತ್ತು: 'ನಮ್ಮ ಲೆಕ್ಕದಣ್ಣನ ನೆತ್ತಿಗೆ ನೇರ ಗಾಳಿ ಬೀಳುತ್ತದೆ, ಅವನು ಬಾಯಿ ಬಿಟ್ಟು ಹೇಳುವವನಲ್ಲ, ಕಿವಿ ಕೆಂಪಾಗುತ್ತದೆ, ಅದನ್ನು ನೋಡಿ ಫೋನ್ ಮಾಡಿ.'

ನೋಟೀಸಮ್ಮ ಕಾದರು. ಲೆಕ್ಕದಣ್ಣನ ಹೆಬ್ಬೆರಳು ಪರದೆಯ ತುದಿಗೆ ಬಂದು ನಿಂತಿತು. ಅವನು ತಲೆ ಎತ್ತಲಿಲ್ಲ. ಎಡಗೈ ಮಾತ್ರ ತಾನಾಗಿ ಮೇಲೆ ಹೋಗಿ ಕಿವಿಯನ್ನು ಮುಟ್ಟಿ ನೋಡಿಕೊಂಡಿತು.